ಟಿಡಿಎಸ್ ಕಳೆದು ಉಳಿದಿದ್ದನ್ನಷ್ಟೇ ಲೆಡ್ಜರಿಗೆ ಹತ್ತಿಸ್ಯಾರ, ಪಾರ್ಟಿ ಲೆಕ್ಕದ ಜೊತೆ 11,000 ಫರಕು

ಉದ್ಯಮಬಾಗ್ ಲೆಕ್ಕಿಗ (ಮಾರ್ಚ್ 11, 2026)

ನಮಸ್ಕಾರ್ರೀ ಎಲ್ಲಾರಿಗೂ. ನಾ ಬೆಳಗಾವಿ ಉದ್ಯಮಬಾಗದಾಗ ಒಂದು ಮಷಿನ್ ಶಾಪ್‌ಗೆ ಜನವರಿಯಾಗ ಲೆಕ್ಕ ಬರಿಯಾಕ ಸೇರೇನಿ. ಪಾರ್ಟ್‌ನರ್‌ಶಿಪ್ ಫರ್ಮು. ನನಗಿಂತ ಮೊದಲಿದ್ದವ್ರು ಊರು ಬಿಟ್ಟು ಹೋಗ್ಯಾರ, ಫೋನ್ ಎತ್ತಂಗಿಲ್ಲ.

ನಮ್ಮ ಸಿಎನ್‌ಸಿ ಮಷಿನ್ ನೋಡ್ಕೊಳ್ಳಾಕ ಇಲ್ಲೇ ಒಂದು ಪಾರ್ಟಿ ಐತಿ, ಅದೂ ಫರ್ಮು. ಹೋದ ಏಪ್ರಿಲ್‌ನಿಂದ ಕಾಂಟ್ರ್ಯಾಕ್ಟ್ ಚಾಲೂ. ತಿಂಗಳಿಗೊಂದು ಬಿಲ್: 50,000, ಮ್ಯಾಲೆ ಜಿಎಸ್‌ಟಿ 9,000, ಒಟ್ಟು 59,000. ಎರಡು ಪರ್ಸೆಂಟ್ ಟಿಡಿಎಸ್ ಅಂದ್ರ 1,000 ಹಿಡಿದು 58,000 ಕೊಡ್ತೇವಿ. ಕೊಡೋದ್ರಾಗ ಏನೂ ತಪ್ಪಿಲ್ಲ.

ನಿನ್ನೆ ಆ ಪಾರ್ಟಿ ವರ್ಷದ ಲೆಕ್ಕ ತಾಳೆ ನೋಡಾಕ ಸ್ಟೇಟ್‌ಮೆಂಟ್ ಕಳಿಸ್ಯಾರ. ಏಪ್ರಿಲ್‌ನಿಂದ ಫೆಬ್ರುವರಿ ತನಕ 11 ಬಿಲ್, ಅವ್ರ ಲೆಕ್ಕದಾಗ 6,49,000. ನಮ್ಮ ಲೆಡ್ಜರ್‌ನಾಗ 6,38,000. ಬರೋಬ್ಬರಿ 11,000 ಫರಕು. ತೆಗೆದು ನೋಡಿದ್ರ ಹಿಂದಿನವ್ರು ಪ್ರತಿ ತಿಂಗಳೂ ಹಿಂಗ ಹಾಕ್ಯಾರ:

```
Machine Maintenance   Dr   49,000
Input CGST            Dr    4,500
Input SGST            Dr    4,500
    To Party                        58,000

TDS Expense           Dr    1,000
    To Bank                          1,000
```

ಎರಡನೇ ಎಂಟ್ರಿ ಮುಂದಿನ ತಿಂಗಳು ಚಲನ್ ಕಟ್ಟಿದ ದಿನದ್ದು. "TDS Expense" ಅಂತ ಒಂದು ಲೆಡ್ಜರ್ ಮಾಡಿ ಖರ್ಚಿನ ಗುಂಪಿನಾಗ ಇಟ್ಟಾರ. ಬ್ಯಾಂಕು ಮಾತ್ರ ರೂಪಾಯಿಗೆ ರೂಪಾಯಿ ಹೊಂದತೈತಿ. ಇದನ್ನ ಈಗ ಏನು ಮಾಡ್ಲಿ? ಮಾಲಕರು "ರೊಕ್ಕ ಸರಿ ಐತಲ್ಲ, ಬಿಡು" ಅಂತಾರ.

---

ಮಂಜು ಬಿಕಾಂ

ನಿಮ್ಮ ಮಾಲೀಕರು ಹೇಳಿದ್ದೇ ಸರಿ ಅನ್ಸುತ್ತೆ ಬ್ರೋ. 49,000 ಒಂದು ಕಡೆ, 1,000 ಇನ್ನೊಂದು ಕಡೆ, ಎರಡೂ ಖರ್ಚೇ. ಕೂಡಿದ್ರೆ 50,000. ಲಾಭ ನಷ್ಟದಲ್ಲಿ ಒಂದು ಪೈಸೆ ವ್ಯತ್ಯಾಸ ಬರಲ್ಲ. ಪಾರ್ಟಿಗೆ "11,000 ನಾವು ಹಿಡಿದಿರೋ ಟಿಡಿಎಸ್" ಅಂತ ಒಂದು ಮೇಲ್ ಹಾಕಿ, ಮುಗೀತು. ವರ್ಷದ ಕೊನೇಲಿ ಹಳೇದನ್ನ ಕೆದಕಿದ್ರೆ ತಲೆನೋವೇ.

---

ಕೊಪ್ಪಳ ಗುತ್ತಿಗೆದಾರ

ಇದೇ ವಿಷಯದಾಗ ನಂದೂ ಒಂದು ಐತಿ, ಯಾರಾದ್ರೂ ಹೇಳ್ರಿ. ನಾನು ರಸ್ತೆ, ಚರಂಡಿ ಕೆಲಸ ಮಾಡಾವ. ಸರ್ಕಾರಿ ಆಫೀಸಿನವ್ರು ಬಿಲ್‌ನಾಗ ಹಿಡ್ಕೊಂಡು ಕೊಡ್ತಾರ. ನಾ ಬ್ಯಾಂಕಿಗೆ ಎಷ್ಟು ಬಂತೋ ಅಷ್ಟೇ ಆದಾಯ ಅಂತ ತೋರಿಸಿದ್ದೆ. ಈಗ ಇನ್‌ಕಮ್ ಟ್ಯಾಕ್ಸ್‌ನಿಂದ ನೋಟಿಸ್ ಬಂದೈತಿ, 26ಎಎಸ್‌ನಾಗ ಜಾಸ್ತಿ ಐತಿ, ನೀ ಕಡಿಮಿ ತೋರಿಸಿದಿ ಅಂತ. ಕೈಗೆ ಬರದ ರೊಕ್ಕಕ್ಕ ನಾ ಯಾಕ ಟ್ಯಾಕ್ಸ್ ಕಟ್ಲಿ?

---

ಶಾರದಕ್ಕ ಮೈಸೂರು

ಮೊದಲು ಉದ್ಯಮಬಾಗದವರಿಗೆ ಹೇಳ್ತೀನಿ. ಕೊಪ್ಪಳದವರೇ, ನಿಮ್ಮದು ಇದೇ ನಾಣ್ಯದ ಇನ್ನೊಂದು ಮುಖ, ಆಮೇಲೆ ಬರ್ತೀನಿ.

ಮಂಜು, ನೀವು ಹೇಳಿದ ಕೂಡುಲೆಕ್ಕ ತಪ್ಪಲ್ಲ. ಆದರೆ ಅದು ಹನ್ನೆರಡೂ ತಿಂಗಳ ಚಲನ್ ಅದೇ ವರ್ಷದಲ್ಲಿ ಕಟ್ಟಿದ್ದರೆ ಮಾತ್ರ ನಿಜ. ಮಾರ್ಚ್ ಬಿಲ್ಲಿನ ಟಿಡಿಎಸ್ ಕಟ್ಟೋಕೆ ಏಪ್ರಿಲ್ 30ರ ತನಕ ಸಮಯ ಇದೆ, ಎಲ್ಲರೂ ಏಪ್ರಿಲ್‌ನಲ್ಲೇ ಕಟ್ತಾರೆ. ಆಗ ಈ ವರ್ಷದ ಖರ್ಚು ಆರು ಲಕ್ಷದ ಬದಲು 5,99,000 ಆಗುತ್ತೆ, ಉಳಿದ ಸಾವಿರ ಮುಂದಿನ ವರ್ಷಕ್ಕೆ ಜಾರುತ್ತೆ. ಮಾರ್ಚ್ 31ಕ್ಕೆ ಸರ್ಕಾರಕ್ಕೆ ಕೊಡಬೇಕಾದ ಬಾಕಿ ಅಂತ ಬ್ಯಾಲೆನ್ಸ್ ಶೀಟಿನಲ್ಲಿ ಕಾಣಬೇಕಾದ ಸಾವಿರ ಎಲ್ಲೂ ಕಾಣಲ್ಲ.

ಆದರೆ ನನಗೆ ದೊಡ್ಡ ತೊಂದರೆ ಅನ್ನಿಸೋದು ಇದಲ್ಲ. ಟಿಡಿಎಸ್ ನಿಮ್ಮ ಖರ್ಚಲ್ಲ. ಪಾರ್ಟಿ ಕಟ್ಟಬೇಕಾದ ತೆರಿಗೆಯಲ್ಲಿ ಒಂದು ಪಾಲನ್ನ ನೀವು ಅವರ ದುಡ್ಡಿನಿಂದಲೇ ತೆಗೆದು, ಅವರ ಪ್ಯಾನ್ ನಂಬರಿಗೆ ಕಟ್ತಿದ್ದೀರಿ. ಅಂದ್ರೆ ಪಾರ್ಟಿಗೆ ಪೂರ್ತಿ 59,000 ಕೊಟ್ಟ ಹಾಗೇ ಲೆಕ್ಕ: 58,000 ಅವರ ಬ್ಯಾಂಕಿಗೆ, 1,000 ಅವರ ತೆರಿಗೆ ಖಾತೆಗೆ. ಪುಸ್ತಕದಲ್ಲಿ ಅದು ಹೀಗೆ ಬರಬೇಕು:

```
Machine Maintenance   Dr   50,000
Input CGST            Dr    4,500
Input SGST            Dr    4,500
    To Party                        59,000

Party                 Dr    1,000
    To TDS Payable                   1,000
```

ಎರಡೂ ಬಿಲ್ ತಾರೀಕಿಗೇ. ಆಮೇಲೆ 58,000 ಕೊಟ್ಟಾಗ ಪಾರ್ಟಿ ಸೊನ್ನೆ ಆಗ್ತಾರೆ. ಚಲನ್ ಕಟ್ಟಿದಾಗ TDS Payable ಡೆಬಿಟ್, ಬ್ಯಾಂಕ್ ಕ್ರೆಡಿಟ್, ಅದೂ ಸೊನ್ನೆ ಆಗುತ್ತೆ. ಈ TDS Payable ಅನ್ನೋ ಲೆಡ್ಜರ್ ಇಲ್ಲದೆ ಇದ್ದರೆ ಎಷ್ಟು ಹಿಡಿದಿರಿ, ಎಷ್ಟು ಕಟ್ಟಿದಿರಿ ಅನ್ನೋದನ್ನ ಪುಸ್ತಕ ನಿಮಗೆ ಹೇಳೋದೇ ಇಲ್ಲ. ಹಿಂದಿನವರು ಯಾವುದಾದರೂ ತಿಂಗಳು ಕಟ್ಟೋದು ಮರೆತಿದ್ದರೆ ನಿಮಗೆ ಹೇಗೆ ಗೊತ್ತಾಗುತ್ತೆ? "TDS Expense" ಲೆಡ್ಜರ್‌ನಲ್ಲಿ ಖರ್ಚು ಕಡಿಮೆ ಇದೆ ಅಷ್ಟೇ, ಯಾರೂ ಕೇಳಲ್ಲ.

ಇಂಥ ಎಂಟ್ರಿ ಬೇರೆ ಪಾರ್ಟಿಗಳಲ್ಲೂ ಆಗಿದೆಯಾ ನೋಡೋಕೆ ಒಂದು ಸುಲಭದ ದಾರಿ ಇದೆ. ವೋಚರಿನ ಖರ್ಚಿಗೆ 18 ಪರ್ಸೆಂಟ್ ಹಾಕಿ ನೋಡಿ. 49,000ಕ್ಕೆ 8,820 ಬರುತ್ತೆ, ವೋಚರಿನಲ್ಲಿ 9,000 ಇದೆ. ತೆರಿಗೆ ಖರ್ಚಿಗೆ ಹೊಂದಲಿಲ್ಲ ಅಂದ್ರೆ ಅಲ್ಲಿ ಯಾರೋ ಟಿಡಿಎಸ್ ನುಂಗಿದ್ದಾರೆ ಅಂತ ಅರ್ಥ. ಜಿಎಸ್‌ಟಿಆರ್-2ಬಿ ಜೊತೆ ತಾಳೆ ಮಾಡಿದ್ರೂ ಸಿಗುತ್ತೆ. ಅಲ್ಲಿ ಪಾರ್ಟಿ ಹಾಕಿರೋದು 50,000, ನಿಮ್ಮಲ್ಲಿ 49,000.

---

ಮಂಜು ಬಿಕಾಂ

ಓಕೆ ಅಕ್ಕ, ಮಾರ್ಚ್ ವಿಷಯ ಹೊಳೆದಿರಲಿಲ್ಲ. ಆದ್ರೆ ಒಂದು ಡೌಟು. ಟಿಡಿಎಸ್ 59,000ದ ಮೇಲೆ ಅಲ್ವಾ ಹಿಡೀಬೇಕಿದ್ದು? 1,180 ಆಗಬೇಕಿತ್ತು. ನಮ್ಮ ಆಫೀಸಲ್ಲಿ ಟೋಟಲ್ ಮೇಲೇ ಹಿಡಿಯೋದು.

---

ಶಾರದಕ್ಕ ಮೈಸೂರು

ಬಿಲ್ಲಿನಲ್ಲಿ ಜಿಎಸ್‌ಟಿ ಬೇರೆ ತೋರಿಸಿದ್ದರೆ ಅದನ್ನ ಬಿಟ್ಟು ಉಳಿದಿದ್ದಕ್ಕೆ ಮಾತ್ರ. 2017ರಲ್ಲೇ ಸಿಬಿಡಿಟಿ 23ನೇ ಸರ್ಕ್ಯುಲರ್‌ನಲ್ಲಿ ಹೇಳಿದೆ. ನಿಮ್ಮ ಆಫೀಸಿನವರು ಪಾರ್ಟಿಗಳಿಗೆ ಬರಬೇಕಾದ ದುಡ್ಡನ್ನ ಸುಮ್ಮನೆ ಸರ್ಕಾರದ ಹತ್ತಿರ ಇಡ್ತಿದ್ದಾರೆ ಅಷ್ಟೇ. ಅವರು ರಿಟರ್ನ್ ಹಾಕಿ ವಾಪಸ್ ತಗೋಬೇಕು. ಯಾವ ಪಾರ್ಟಿಯೂ ಜಗಳ ಆಡಿಲ್ವಾ?

---

ಮಂಜು ಬಿಕಾಂ

ಆಡಿದ್ದಾರೆ ಅಕ್ಕ. ನಾವೇ ಸರಿ ಅಂತ ವಾದ ಮಾಡಿ ಕಳಿಸಿದ್ವಿ 🙈

---

ರಾವ್ ಮಾಸ್ತರ್, ಮಂಗಳೂರು

ನಾನು ನಿವೃತ್ತ ಅಕೌಂಟ್ಸ್ ಮ್ಯಾನೇಜರ್. ಶಾರದಮ್ಮನವರು ಹೇಳಿದ ಎಂಟ್ರಿಯಲ್ಲಿ ನನ್ನ ತಕರಾರಿಲ್ಲ. ತಕರಾರು ಎರಡು ಬೇರೆ ಕಡೆ ಉಂಟು.

ಒಂದು, ಹನ್ನೊಂದು ವೋಚರುಗಳನ್ನು ಒಂದೊಂದಾಗಿ ತೆರೆದು ತಿದ್ದುವುದು ಬೇಡ. ಬರೆದದ್ದನ್ನು ಅಳಿಸಬಾರದು ಎಂದೇ ನಾವು ಕಲಿತದ್ದು. ಮಾರ್ಚ್ ತಾರೀಕಿನಲ್ಲಿ ಒಂದೇ ಜರ್ನಲ್ ಹಾಕಿ: ಮೆಂಟೆನೆನ್ಸ್ ಡೆಬಿಟ್ 11,000, ಪಾರ್ಟಿ ಕ್ರೆಡಿಟ್ 11,000. ಮತ್ತೊಂದರಲ್ಲಿ ಪಾರ್ಟಿ ಡೆಬಿಟ್, TDS Payable ಕ್ರೆಡಿಟ್. ಮೂರನೆಯದರಲ್ಲಿ, ಕಟ್ಟಿದಷ್ಟು ಮೊತ್ತವನ್ನು TDS Expenseನಿಂದ ತೆಗೆದು TDS Payableಗೆ ಹಾಕಿ. ವಿವರಣೆಯಲ್ಲಿ ಏಕೆ ಮಾಡಿದ್ದು ಎಂದು ನಾಲ್ಕು ಸಾಲು ಬರೆಯಿರಿ. ಆಡಿಟರಿಗೆ ಕಣ್ಣಿಗೆ ಕಟ್ಟುವ ಹಾಗೆ ಇರುತ್ತದೆ.

ಎರಡು, ಸಿಎನ್‌ಸಿ ಮಷಿನಿನ ಕಂಟ್ರೋಲರ್, ಸರ್ವೋ ಎಲ್ಲ ನೋಡುವವರು ಇಂಜಿನಿಯರುಗಳು. ಅದು ತಾಂತ್ರಿಕ ಸೇವೆ, 194ಜೆ. 194ಸಿ ಅಡಿಯಲ್ಲಿ ಹಿಡಿದದ್ದೇ ಸರಿಯೇ ಎಂದು ಮೊದಲು ನೋಡಬೇಕು.

---

ಶಾರದಕ್ಕ ಮೈಸೂರು

ರಾವ್ ಸರ್, ಒಂದೇ ಜರ್ನಲ್ ಹಾಕಿದ್ರೆ ಈ ಕೇಸಿನಲ್ಲಿ ನಷ್ಟ ಇದೆ. ಟಿಡಿಎಸ್‌ಗೆ ತಾರೀಕೇ ಜೀವ. ಎಲ್ಲವೂ ಮಾರ್ಚ್ ತಾರೀಕಿಗೆ ಬಂದು ಕೂತರೆ ಹಿಡಿದಿದ್ದೇ ಮಾರ್ಚ್‌ನಲ್ಲಿ ಅನ್ನೋ ಹಾಗೆ ಲೆಡ್ಜರ್ ಕಾಣುತ್ತೆ. 26ಕ್ಯೂ ರಿಟರ್ನ್‌ನಲ್ಲಿ ಏಪ್ರಿಲ್, ಮೇ ಅಂತ ಹೋಗಿದೆ, ಪುಸ್ತಕದಲ್ಲಿ ಎಲ್ಲ ಮಾರ್ಚ್. ಆಡಿಟರ್ ಕೇಳೋ ಮೊದಲ ಪ್ರಶ್ನೆ ಅದೇ ಆಗುತ್ತೆ. ಈ ವರ್ಷದ ಪುಸ್ತಕ ಇನ್ನೂ ತೆರೆದೇ ಇದೆ, ಆಡಿಟ್ ಆಗಿಲ್ಲ, ಫರ್ಮು ಬೇರೆ. ಆಯಾ ತಾರೀಕಿಗೇ ತಿದ್ದಬಹುದು. ಇನ್‌ಪುಟ್ ಜಿಎಸ್‌ಟಿ 9,000 ಸರಿಯಾಗೇ ಇದೆ, ಅದು ಅಲ್ಲಾಡಲ್ಲ, ಹಾಗಾಗಿ 3ಬಿ ಮುಟ್ಟಬೇಕಾಗಿಲ್ಲ.

194ಜೆ ಬಗ್ಗೆ ನಾನು ಒಪ್ಪಲ್ಲ. 1995ರ 715ನೇ ಸರ್ಕ್ಯುಲರ್‌ನಲ್ಲಿ ಮಾಮೂಲಿ ಮೆಂಟೆನೆನ್ಸ್ ಕಾಂಟ್ರ್ಯಾಕ್ಟು, ಬಿಡಿಭಾಗ ಕೊಡೋದು ಸೇರಿದ್ದರೂ 194ಸಿ ಅಂತ ಇದೆ.

---

ರಾವ್ ಮಾಸ್ತರ್, ಮಂಗಳೂರು

ಅದೇ ಉತ್ತರದ ಮುಂದಿನ ವಾಕ್ಯವನ್ನೂ ಓದಿ. ತಾಂತ್ರಿಕ ಸೇವೆ ಕೊಟ್ಟಲ್ಲಿ 194ಜೆ ಎಂದೂ ಅಲ್ಲಿಯೇ ಉಂಟು. ಎಣ್ಣೆ ಹಾಕಿ, ಫಿಲ್ಟರ್ ಬದಲಿಸಿ ಹೋಗುವುದು ಬೇರೆ, ಲ್ಯಾಪ್‌ಟಾಪ್ ಹಚ್ಚಿ ಪ್ಯಾರಾಮೀಟರ್ ಸರಿ ಮಾಡುವುದು ಬೇರೆ.

---

ಶಾರದಕ್ಕ ಮೈಸೂರು

ಒಪ್ಪಿದೆ, ಅದಕ್ಕೆ ಕಾಂಟ್ರ್ಯಾಕ್ಟ್ ಕಾಗದ ಓದಬೇಕು. ಇಲ್ಲಿ ಪಾರ್ಟಿ ಫರ್ಮು, ಎರಡರಲ್ಲೂ 2 ಪರ್ಸೆಂಟೇ, ಹಿಡಿದ ದುಡ್ಡು ಬದಲಾಗಲ್ಲ. ಅದೇ ಒಬ್ಬನೇ ಮೆಕ್ಯಾನಿಕ್ ತನ್ನ ಹೆಸರಲ್ಲಿ ಬಿಲ್ ಕೊಟ್ಟಿದ್ದರೆ 194ಸಿಯಲ್ಲಿ 1 ಪರ್ಸೆಂಟ್, 194ಜೆಯಲ್ಲಿ 2. ಆಗ ನಿಮ್ಮ ಮಾತಿಗೆ ಹೆಚ್ಚು ತೂಕ.

---

ದಾವಣಗೆರೆ ಮಿಲ್ ಗುಮಾಸ್ತ

ನಡುವೆ ಬಾಯಿ ಹಾಕ್ತಿದೀನಿ ಕ್ಷಮಿಸಿ. ನಮ್ದು ಅಕ್ಕಿ ಗಿರಣಿ, ಫರ್ಮು. ಹಮಾಲಿ ಮೇಸ್ತ್ರಿಗೆ ಲೋಡಿಂಗ್ ಅನ್‌ಲೋಡಿಂಗ್ ಗುತ್ತಿಗೆ. ತಿಂಗಳಿಗೆ 28,000 ಬಿಲ್, ಜಿಎಸ್‌ಟಿ ಇಲ್ಲ. ಮೂವತ್ತು ಸಾವಿರದ ಒಳಗಿದೆ ಅಂತ ಟಿಡಿಎಸ್ ಹಿಡೀತಾನೇ ಇಲ್ಲ. ಸರಿ ತಾನೆ?

---

ಮಂಜು ಬಿಕಾಂ

ವರ್ಷಕ್ಕೆ ಒಂದು ಲಕ್ಷ ದಾಟಿದ್ರೆ ಹಿಡೀಬೇಕು. ಮೂರು ತಿಂಗಳಿಗೆ 84,000, ನಾಲ್ಕನೇ ಬಿಲ್ಲಿಗೆ 1,12,000. ಸೋ ದಾಟಿದ 12,000ಕ್ಕೆ 1 ಪರ್ಸೆಂಟ್, 120 ರೂಪಾಯಿ.

---

ಶಾರದಕ್ಕ ಮೈಸೂರು

ಮೊದಲ ಸಾಲು ಸರಿ, ಎರಡನೇದು ಅಲ್ಲ ಮಂಜು. ದಾಟಿದ ಮೇಲೆ ಪೂರ್ತಿ ಮೊತ್ತಕ್ಕೆ. 1,12,000ಕ್ಕೆ 1 ಪರ್ಸೆಂಟ್, 1,120. ಅದನ್ನ ನಾಲ್ಕನೇ ಬಿಲ್ಲಿನಲ್ಲೇ ಹಿಡಿದು ಮೇಸ್ತ್ರಿಗೆ 26,880 ಕೊಡಬೇಕಿತ್ತು. ನೀವು ಹೇಳಿದ ಹಾಗೆ ಮಿತಿ ಮೀರಿದ ಭಾಗಕ್ಕೆ ಮಾತ್ರ ಹಿಡಿಯೋದು 194ಕ್ಯೂ, ದೊಡ್ಡ ಖರೀದಿದಾರರು 50 ಲಕ್ಷದ ಮೇಲಿನ ಸರಕಿಗೆ ಹಿಡಿಯೋದು. ಎರಡನ್ನೂ ಕಲಸಬೇಡಿ.

ಗುಮಾಸ್ತರೇ, ಇಲ್ಲೂ ಎಂಟ್ರಿ ಅದೇ ನಿಯಮ. ನಾಲ್ಕನೇ ತಿಂಗಳ ಹಮಾಲಿ ಖರ್ಚು 28,000ವೇ, 26,880 ಅಲ್ಲ. ಮೇಸ್ತ್ರಿ ಪ್ಯಾನ್ ತಗೊಂಡಿದೀರಿ ತಾನೆ?

---

ದಾವಣಗೆರೆ ಮಿಲ್ ಗುಮಾಸ್ತ

ಪ್ಯಾನಾ? ಆಧಾರ್ ಇದೆ.

---

ಶಾರದಕ್ಕ ಮೈಸೂರು

ಹಾಗಾದ್ರೆ 20 ಪರ್ಸೆಂಟ್ ಹಿಡೀಬೇಕು, 1,12,000ಕ್ಕೆ 22,400. ಹಾಗೆ ಹಿಡಿದ್ರೆ ಮೇಸ್ತ್ರಿ ಚೀಲ ನಿಮ್ಮ ತಲೆ ಮೇಲೇ ಇಳಿಸ್ತಾನೆ. ನಾಳೆಯೇ ಪ್ಯಾನ್ ಮಾಡಿಸಿ ಕೊಡೋಕೆ ಹೇಳಿ, ಇಷ್ಟು ದಿನ ಹಿಡಿಯದೇ ಇದ್ದಿದ್ದಕ್ಕೆ ಏನು ಮಾಡಬೇಕು ಅಂತ ನಿಮ್ಮ ಆಡಿಟರ್ ಹತ್ರ ಮಾರ್ಚ್ ಮುಗಿಯೋ ಮೊದಲು ಕೂತು ಮಾತಾಡಿ.

ಈಗ ಕೊಪ್ಪಳದವರು. ನಿಮ್ಮ ಕೈಗೆ ಬರದ ದುಡ್ಡು ಅಂದ್ರಲ್ಲ, ಅದು ಬಂದಿದೆ. ಒಂದು ಲಕ್ಷದ ಕೆಲಸಕ್ಕೆ 1,000 ಹಿಡಿದು 99,000 ಹಾಕಿದ್ರೆ, ಆ ಸಾವಿರ ನಿಮ್ಮ ಹೆಸರಲ್ಲಿ ಸರ್ಕಾರದ ಹತ್ತಿರ ಜಮಾ ಇದೆ. ಆದಾಯ ಒಂದು ಲಕ್ಷ ಅಂತ ಬರೀರಿ, 1,000 "ಬರಬೇಕಾದ ಟಿಡಿಎಸ್" ಅಂತ ಬೇರೆ ಲೆಡ್ಜರ್‌ನಲ್ಲಿ ಡೆಬಿಟ್ ಇಡಿ. ರಿಟರ್ನ್‌ನಲ್ಲಿ ಕಟ್ಟಬೇಕಾದ ತೆರಿಗೆಯಿಂದ ಅದನ್ನ ಕಳೀತೀರಿ. ನೀವು ಮಾಡಿದ್ದು ಆದಾಯ 99,000 ಅಂತ ತೋರಿಸಿ, ಸಾವಿರದ ಕ್ಲೇಮೂ ತಗೊಂಡಿದ್ದು. ನೋಟಿಸ್ ಅದಕ್ಕೆ.

---

ಕೊಪ್ಪಳ ಗುತ್ತಿಗೆದಾರ

ಅಕ್ಕಾರ, ಅವ್ರು ಒಂದಲ್ಲ, ಎರಡು ಸಲ ಹಿಡೀತಾರ. ಇನ್ನೊಂದು 2 ಪರ್ಸೆಂಟ್ ಐತಿ.

---

ರಾವ್ ಮಾಸ್ತರ್, ಮಂಗಳೂರು

ಅದು ಜಿಎಸ್‌ಟಿಯ ಟಿಡಿಎಸ್. ಸರ್ಕಾರಿ ಇಲಾಖೆಗಳು ಎರಡೂವರೆ ಲಕ್ಷ ಮೀರಿದ ಗುತ್ತಿಗೆಗೆ ಹಿಡಿಯುತ್ತವೆ. ಅದು 26ಎಎಸ್ ಕಡೆ ಬರುವುದೇ ಇಲ್ಲ, ಜಿಎಸ್‌ಟಿ ಪೋರ್ಟಲ್‌ನಲ್ಲಿ ನೀವು ಒಪ್ಪಿಕೊಂಡ ಮೇಲೆ ನಿಮ್ಮ ಕ್ಯಾಶ್ ಲೆಡ್ಜರಿಗೆ ಬೀಳುತ್ತದೆ. ಎರಡಕ್ಕೂ ಬೇರೆ ಬೇರೆ ಲೆಡ್ಜರ್ ಇಡಿ, ಹೆಸರು ಒಂದೇ ಎಂದು ಒಂದರಲ್ಲೇ ಸುರಿಯಬೇಡಿ.

---

ಉದ್ಯಮಬಾಗ್ ಲೆಕ್ಕಿಗ (ಮಾರ್ಚ್ 14)

ಅಕ್ಕಾರ ಹೇಳಿದಂಗ ಮಾಡಿದೆ. ಎರಡು ರಾತ್ರಿ ಕುಂತು ಈ ಪಾರ್ಟಿದು 11 ವೋಚರ್ ಆಯಾ ತಾರೀಕಿಗೇ ತಿದ್ದಿದೆ. ಚಲನ್ ಎಂಟ್ರಿಗಳನ್ನೂ TDS Expenseನಿಂದ TDS Payableಗೆ ಬದಲಿ ಮಾಡಿದೆ. ಪಾರ್ಟಿ ಟೋಟಲ್ ಈಗ 6,49,000, ಅವ್ರ ಸ್ಟೇಟ್‌ಮೆಂಟಿಗೆ ಕೂಡತೈತಿ.

ಆದ್ರ ಒಂದು ಹೊಸಾ ಪೀಡಾ ಹುಟ್ಟೇತಿ. ಫೆಬ್ರುವರಿ ಟಿಡಿಎಸ್ ಮಾರ್ಚ್ 6ಕ್ಕ ಕಟ್ಟೇವಿ. ಅಂದಮ್ಯಾಲೆ ಇವತ್ತಿಗೆ ಈ ಪಾರ್ಟಿ ಬಾಬ್ತು TDS Payable ಸೊನ್ನೆ ಇರಬೇಕಲ್ಲ? ಕ್ರೆಡಿಟ್ 11,000, ಡೆಬಿಟ್ 10,000. ಒಂದು ಸಾವಿರ ನಿಂತೈತಿ. ನಾ ತಿದ್ದೋದ್ರಾಗ ತಪ್ಪಿದೆ ಅಂತ ಮತ್ತ ಮೊದಲಿಂದ ನೋಡಿದೆ. ತಪ್ಪಿಲ್ಲ.

---

ಶಾರದಕ್ಕ ಮೈಸೂರು

ನಾನು ಹೆದರಿದ್ದೇ ಇದಕ್ಕೆ. ಚಲನ್‌ಗಳನ್ನ ತಿಂಗಳ ಪ್ರಕಾರ ಸಾಲಾಗಿ ಇಟ್ಟು, ಪ್ರತಿಯೊಂದರಲ್ಲಿ ಈ ಪಾರ್ಟಿದು ಸಾವಿರ ಇದೆಯಾ ನೋಡಿ. ಎಲ್ಲೋ ಒಂದು ತಿಂಗಳು ಬಿಟ್ಟಿದ್ದಾರೆ.

---

ಉದ್ಯಮಬಾಗ್ ಲೆಕ್ಕಿಗ

ಸಿಕ್ತು. ಆಗಸ್ಟ್.

ಹೆಂಗಾತು ಅಂತನೂ ತಿಳೀತು. ಹಿಂದಿನವ್ರು ಚಲನ್ ಮಾಡುವಾಗ ಬಿಲ್ ನೋಡ್ತಿರಲಿಲ್ಲ, ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ಯಾರ್ಯಾರಿಗೆ ಕೊಟ್ಟೇವಿ ಅಂತ ಪಟ್ಟಿ ಮಾಡ್ತಿದ್ರು. ಅವ್ರ ಎಕ್ಸೆಲ್ ಸಿಕ್ಕೇತಿ. ಆಗಸ್ಟ್ ಬಿಲ್ 31ನೇ ತಾರೀಕಿಂದು, ಚಲನ್ ಸೆಪ್ಟೆಂಬರ್ 5ಕ್ಕ ಕಟ್ಯಾರ, ಪಾರ್ಟಿಗೆ ರೊಕ್ಕ ಹೋಗಿದ್ದು 9ಕ್ಕ. ಹಂಗಾಗಿ ಆ ಚಲನ್‌ನಾಗ ಬರಲಿಲ್ಲ. ಸೆಪ್ಟೆಂಬರ್ ಬಿಲ್ಲಿನ ರೊಕ್ಕ ಅದೇ ತಿಂಗಳ 30ಕ್ಕ ಹೋಗೇತಿ. ಒಂದೇ ತಿಂಗಳಾಗ ಅದೇ ಪಾರ್ಟಿಗೆ 58,000 ಎರಡು ಸಲ. ಎಕ್ಸೆಲ್‌ನಾಗ ಎರಡನೇ ಸಾಲಿಗೆ ಹಳದಿ ಬಣ್ಣ ಹಚ್ಚಿ "ಡಬಲ್" ಅಂತ ಬರದು ತೆಗೆದು ಹಾಕ್ಯಾರ.

ಪಾರ್ಟಿಗೆ ಫೋನ್ ಮಾಡಿ ಕೇಳಿದೆ. ಅವ್ರ 26ಎಎಸ್‌ನಾಗ ಡಿಸೆಂಬರ್ ತನಕ ಒಂಬತ್ತು ಬರಬೇಕು, ಎಂಟೇ ಅದಾವಂತ. ಎರಡನೇ ಕ್ವಾರ್ಟರ್‌ನಾಗ ಒಂದು ಇಲ್ಲ.

---

ರಾವ್ ಮಾಸ್ತರ್, ಮಂಗಳೂರು

ಹಳದಿ ಬಣ್ಣದ ಸಾಲು! ಪ್ರತಿ ತಿಂಗಳು ಒಂದೇ ಮೊತ್ತದ ಬಿಲ್ ಬರುವ ಪಾರ್ಟಿಗಳಲ್ಲಿ ಇದೇ ಅಪಾಯ. ಹಿಡಿಯಬೇಕಾದ್ದು ಬಿಲ್ಲನ್ನು ಪಾರ್ಟಿಯ ಖಾತೆಗೆ ಜಮಾ ಮಾಡಿದಾಗ ಅಥವಾ ಹಣ ಕೊಟ್ಟಾಗ, ಯಾವುದು ಮೊದಲೋ ಆಗ. ಇಲ್ಲಿ ಬಿಲ್ ಮೊದಲು, ಆದ್ದರಿಂದ ಆಗಸ್ಟ್ 31. ಬ್ಯಾಂಕ್ ನೋಡಿ ಚಲನ್ ಮಾಡಿದರೆ ಹೀಗೆ ತಿಂಗಳ ಕೊನೆಯವು ಜಾರಿಯೇ ಜಾರುತ್ತವೆ.

ಮತ್ತೆ, ನಾನು ಹೇಳಿದ ಒಂದೇ ಜರ್ನಲ್‌ನಲ್ಲಿಯೂ ಈ ಸಾವಿರ ಉಳಿಯುತ್ತಿತ್ತು. ಯಾವ ತಿಂಗಳದ್ದೆಂದು ಮಾತ್ರ ಲೆಡ್ಜರ್ ಹೇಳುತ್ತಿರಲಿಲ್ಲ. ಅಷ್ಟರ ಮಟ್ಟಿಗೆ ಶಾರದಮ್ಮನವರ ದಾರಿ ಸರಿ.

---

ಮಂಜು ಬಿಕಾಂ

ಬಡ್ಡಿ ನಾನು ಲೆಕ್ಕ ಹಾಕ್ಲಾ? ತಿಂಗಳಿಗೆ ಒಂದೂವರೆ ಪರ್ಸೆಂಟ್. ಕಟ್ಟಬೇಕಾಗಿದ್ದ ದಿನ ಸೆಪ್ಟೆಂಬರ್ 7, ಸೋಮವಾರ ಮಾರ್ಚ್ 16ಕ್ಕೆ ಕಟ್ಟಿದ್ರೆ ಏಳು ತಿಂಗಳು. 105 ರೂಪಾಯಿ.

---

ಶಾರದಕ್ಕ ಮೈಸೂರು

ದರ ಸರಿ, ಎಣಿಕೆ ಶುರು ಮಾಡಿದ ದಿನ ತಪ್ಪು. ಕಟ್ಟಬೇಕಾದ ದಿನದಿಂದ ಅಲ್ಲ, ಹಿಡಿದ ದಿನದಿಂದ ಎಣಿಸಬೇಕು. ಅದೂ ಇಲಾಖೆಯ ಕಂಪ್ಯೂಟರ್ ಕ್ಯಾಲೆಂಡರ್ ತಿಂಗಳು ಎಣಿಸುತ್ತೆ. ಆಗಸ್ಟ್ 31ರ ಒಂದೇ ದಿನಕ್ಕೆ ಪೂರ್ತಿ ಆಗಸ್ಟ್, ಮಾರ್ಚ್ 16ಕ್ಕೆ ಪೂರ್ತಿ ಮಾರ್ಚ್. ಎಂಟು ತಿಂಗಳು, 12 ಪರ್ಸೆಂಟ್, 120 ರೂಪಾಯಿ. 105 ಕಟ್ಟಿದ್ರೆ ಉಳಿದ 15 ರೂಪಾಯಿಗೆ ಒಂದು ನೋಟಿಸ್, ಅದಕ್ಕೆ ಇನ್ನೊಂದು ಚಲನ್, ಇನ್ನೊಂದು ತಿದ್ದುಪಡಿ. ನಾನು ನೋಡಿದೀನಿ.

ಕ್ರಮ ಹೀಗಿರಲಿ. ಇ-ಪೇ ಟ್ಯಾಕ್ಸ್‌ನಲ್ಲಿ 94C ಆರಿಸಿ, ತೆರಿಗೆ ಕಾಲಂನಲ್ಲಿ 1,000, ಬಡ್ಡಿ ಕಾಲಂನಲ್ಲಿ 120 ಹಾಕಿ ಕಟ್ಟಿ. ಆಮೇಲೆ ಎರಡನೇ ಕ್ವಾರ್ಟರ್‌ನ 26ಕ್ಯೂಗೆ ತಿದ್ದುಪಡಿ ರಿಟರ್ನ್. ಅದರಲ್ಲಿ ಈ ಹೊಸ ಚಲನ್ ಸೇರಿಸಿ, ಅದರ ಕೆಳಗೆ ಪಾರ್ಟಿಯ ಸಾಲು ಸೇರಿಸಿ. ಹಿಡಿದ ತಾರೀಕು ಆಗಸ್ಟ್ 31 ಅಂತಲೇ ಬರೀರಿ. ಮುಚ್ಚಿಡೋಕೆ ಮಾರ್ಚ್ ಅಂತ ಹಾಕಿ ನಾಲ್ಕನೇ ಕ್ವಾರ್ಟರ್‌ನಲ್ಲಿ ತೋರಿಸೋ ಆಸೆ ಬರುತ್ತೆ, ಬೇಡ. ಪಾರ್ಟಿ ಬಿಲ್ ಆಗಸ್ಟಿಂದು.

ಇನ್ನು 120 ರೂಪಾಯಿ ನಿಮ್ಮ ಫರ್ಮಿನ ಖರ್ಚು. ಪಾರ್ಟಿ ಖಾತೆಗೆ ಡೆಬಿಟ್ ಹಾಕಬೇಡಿ, ತಪ್ಪು ಅವರದಲ್ಲ. "ಟಿಡಿಎಸ್ ಬಡ್ಡಿ" ಅಂತ ಬೇರೆ ಲೆಡ್ಜರ್ ಮಾಡಿ. ಇನ್‌ಕಮ್ ಟ್ಯಾಕ್ಸ್ ಲೆಕ್ಕದಲ್ಲಿ ಆಡಿಟರ್ ಇದನ್ನ ಖರ್ಚು ಅಂತ ಒಪ್ಪಲ್ಲ, ಬೇರೆ ಇದ್ದರೆ ಅವರಿಗೆ ಹುಡುಕೋದು ಸುಲಭ.

---

ಉದ್ಯಮಬಾಗ್ ಲೆಕ್ಕಿಗ (ಮಾರ್ಚ್ 17)

ನಿನ್ನೆ ಚಲನ್ ಕಟ್ಟಿದೆ, 1,120. ಮಾಲಕರು "ನೂರಾ ಇಪ್ಪತ್ತಕ್ಕ ಇಷ್ಟು ರಂಪ ಮಾಡ್ದಿ" ಅಂದ್ರು. ತಿದ್ದುಪಡಿ ರಿಟರ್ನ್ ಇವತ್ತು ಆಡಿಟರ್ ಆಫೀಸಿಗೆ ಕೊಟ್ಟೇನಿ. ಅದು ಪಾಸಾದಮ್ಯಾಲೆ ಪಾರ್ಟಿಗೆ ಹೊಸಾ 16ಎ ಕೊಡ್ತೇನಿ.

ಇನ್ನೊಂದು ಕಿರಿಕಿರಿ. ಪಾರ್ಟಿ ಲೆಡ್ಜರ್ ಬಾಕಿ ಸೊನ್ನೆ ಐತಿ, ಆದ್ರ ಟ್ಯಾಲಿಯಾಗ ಬಿಲ್ ಪ್ರಕಾರ ಬಾಕಿ ತೆಗೆದ್ರ ಹನ್ನೊಂದು ಬಿಲ್ಲಿಗೂ ಒಂದೊಂದು ಸಾವಿರ ಕೊಡೋದೈತಿ ಅಂತ ತೋರಸ್ತೈತಿ, ಕೆಳಗ ಹನ್ನೊಂದು ಸಾವಿರ ಬರೋದೈತಿ ಅಂತ ತೋರಸ್ತೈತಿ. ಮಾಲಕರು ಆ ರಿಪೋರ್ಟ್ ಒಂದೇ ನೋಡೋದು.

---

ಶಾರದಕ್ಕ ಮೈಸೂರು

ಟಿಡಿಎಸ್ ಜರ್ನಲ್ ಹಾಕುವಾಗ ಪಾರ್ಟಿ ಸಾಲಿನಲ್ಲಿ `New Ref` ಕೊಟ್ಟಿದೀರಿ ಅಥವಾ `On Account` ಬಿಟ್ಟಿದೀರಿ. `Agst Ref` ಕೊಟ್ಟು ಆಯಾ ಬಿಲ್ ನಂಬರ್ ಆರಿಸಿ. ಆಗ 59,000ದ ಬಿಲ್ಲಿನ ಎದುರು 1,000ವೂ 58,000ವೂ ಕೂತು ಬಿಲ್ ಮುಚ್ಚುತ್ತೆ. ಮುಂದಿನ ತಿಂಗಳಿಂದ ಖರೀದಿ ವೋಚರಿನಲ್ಲೇ ಕೊನೆ ಸಾಲಿಗೆ TDS Payable ಆರಿಸಿದ್ರೆ ಈ ಜರ್ನಲ್ಲೇ ಬೇಕಾಗಲ್ಲ. ಪಾರ್ಟಿ ಸಾಲಿನಲ್ಲಿ ನೇರವಾಗಿ 58,000 ಬರುತ್ತೆ. ಆದ್ರೆ ಖರ್ಚು 50,000ವೇ ಇರುತ್ತೆ ನೋಡಿಕೊಳ್ಳಿ.

---

ಮಂಜು ಬಿಕಾಂ

ಹಾಗಾದ್ರೆ ಪಾರ್ಟಿ ಲೆಡ್ಜರ್‌ನಲ್ಲಿ ಮತ್ತೆ 58,000ವೇ ಕಾಣುತ್ತಲ್ಲ ಅಕ್ಕ, ಶುರುವಿನ ಜಗಳವೇ ಅದು?

---

ಶಾರದಕ್ಕ ಮೈಸೂರು

ಒಳ್ಳೇ ಪ್ರಶ್ನೆ. ಹೌದು, ಪಾರ್ಟಿ ಲೆಡ್ಜರಿನ ಕ್ರೆಡಿಟ್ 58,000 ಕಾಣುತ್ತೆ. ಆದ್ರೆ ಇಲ್ಲಿ ಖರ್ಚು ಪೂರ್ತಿ ಇದೆ, ಸಾವಿರ TDS Payableನಲ್ಲಿ ಜೀವಂತ ಇದೆ, ತಪ್ಪಿಸಿಕೊಳ್ಳಲ್ಲ. ಲೆಕ್ಕಕ್ಕೆ ಇದು ಸರಿಯೇ. ಪಾರ್ಟಿ ಜೊತೆ ತಾಳೆ ನೋಡುವಾಗ ಮಾತ್ರ ಟಿಡಿಎಸ್ ಪಟ್ಟಿ ಪಕ್ಕದಲ್ಲಿ ಇಟ್ಕೋಬೇಕು. ವರ್ಷಕ್ಕೆ ನೂರಾರು ಬಿಲ್ ಇರೋ ಪಾರ್ಟಿಗೆ ನಾನು ಬೇರೆ ಜರ್ನಲ್ ಹಾಕೋದನ್ನೇ ಇಷ್ಟಪಡ್ತೀನಿ, ಅವರ ಸ್ಟೇಟ್‌ಮೆಂಟ್ ಜೊತೆ ಸಾಲಿಗೆ ಸಾಲು ಹೊಂದುತ್ತೆ. ನಮ್ಮ ಆಫೀಸಿನಲ್ಲೇ ಇಬ್ಬರು ಎರಡು ರೀತಿ ಮಾಡ್ತಾರೆ.

---

ರಾವ್ ಮಾಸ್ತರ್, ಮಂಗಳೂರು

ಒಂದು ಸಣ್ಣ ಮಾತು. ಲೆಡ್ಜರಿಗೆ "TDS 194C" ಎಂದು ಹೆಸರಿಡಬೇಡಿ, "TDS Payable - Contractors" ಎಂದಿಡಿ. ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ, ಸೆಕ್ಷನ್ ಸಂಖ್ಯೆಗಳೆಲ್ಲ 393ರ ಕೆಳಗೆ ಹೋಗುತ್ತವೆ. ಮಾರ್ಚ್‌ನಲ್ಲಿ ಹಿಡಿದದ್ದನ್ನು ಏಪ್ರಿಲ್‌ನಲ್ಲಿ ಕಟ್ಟುವಾಗ ಹಳೆಯದಕ್ಕೆ ಹಳೆಯದು, ಹೊಸದಕ್ಕೆ ಹೊಸದು ಎಂದು ನೋಡಿ ಆರಿಸಬೇಕು.

---

ಉದ್ಯಮಬಾಗ್ ಲೆಕ್ಕಿಗ (ಮಾರ್ಚ್ 20)

`Agst Ref` ಹಾಕಿದೆ, ಬಿಲ್ ಎಲ್ಲ ಮುಚ್ಚಿದ್ವು. ಅಕ್ಕಾರ ಹೇಳಿದ 18 ಪರ್ಸೆಂಟ್ ಆಟ ಆಡಿ ಬಾಕಿ ಪಾರ್ಟಿಗಳನ್ನೂ ಹುಡುಕಿದೆ. ಇನ್ನೂ ನಾಲ್ಕು ಪಾರ್ಟಿ ಸಿಕ್ವು, ಅವನ್ನೂ ತಿದ್ದಿದೆ. ಅವುಗಳಾಗ ಚಲನ್ ಯಾವೂ ತಪ್ಪಿಲ್ಲ, ದೇವರ ದಯಾ.

ಈಗ "TDS Expense" ಲೆಡ್ಜರ್ ಖಾಲಿ ಆಗಬೇಕಿತ್ತು, ಅಳಿಸಿ ಬಿಡೂನು ಅಂತಿದ್ದೆ. ಆಗವಲ್ದು. 2,600 ಉಳದೈತಿ. ನೋಡಿದ್ರ ಅದು ಹೋದ ವರ್ಷ ಮಾರ್ಚ್‌ನಾಗ ಹಿಡಿದು, 2025ರ ಏಪ್ರಿಲ್‌ನಾಗ ಕಟ್ಟಿದ್ದು. ಹೋದ ವರ್ಷದ ಪುಸ್ತಕ ಆಡಿಟ್ ಆಗಿ, ರಿಟರ್ನ್ ಹೋಗೇತಿ. ಅಲ್ಲಿ ಖರ್ಚು 2,600 ಕಡಿಮಿ, ಇಲ್ಲಿ 2,600 ಜಾಸ್ತಿ. ಇದನ್ನೇನು ಮಾಡ್ಲಿ?

---

ರಾವ್ ಮಾಸ್ತರ್, ಮಂಗಳೂರು

ಹಳೆಯ ವರ್ಷವನ್ನು ಮುಟ್ಟಬೇಡಿ. "ಹಿಂದಿನ ವರ್ಷದ ಖರ್ಚು" ಎಂಬ ಲೆಡ್ಜರಿಗೆ ಈ 2,600 ಸಾಗಿಸಿ, ವಿವರ ಬರೆದಿಡಿ.

---

ಶಾರದಕ್ಕ ಮೈಸೂರು

ಪುಸ್ತಕಕ್ಕೆ ಅದೇ ಸರಿ. ಆದ್ರೆ ತೆರಿಗೆ ಲೆಕ್ಕಕ್ಕೆ ಹಿಂದಿನ ವರ್ಷದ ಖರ್ಚನ್ನ ಈ ವರ್ಷ ಬಿಡ್ತಾರಾ ಅನ್ನೋದು ನಿಮ್ಮ ಆಡಿಟರ್ ಹೇಳಬೇಕು. ನಮ್ಮ ಸಾಹೇಬರಾದ್ರೆ ಇಂಥದ್ದನ್ನ ತಾವೇ ಸೇರಿಸಿ ತೆರಿಗೆ ಕಟ್ಟಿಸ್ತಾರೆ, ಪಕ್ಕದ ಆಫೀಸಿನವರು ಸಣ್ಣ ಮೊತ್ತ ಅಂತ ಹಾಗೇ ಬಿಡ್ತಾರೆ. ಯಾವ ಬಿಲ್ಲು, ಯಾವ ಚಲನ್ ಅಂತ ಪಟ್ಟಿ ಮಾಡಿ ಅವರ ಮುಂದಿಡಿ.

---

ಉದ್ಯಮಬಾಗ್ ಲೆಕ್ಕಿಗ

ಆತ್ರೀ, ಪಟ್ಟಿ ಮಾಡೇನಿ. ಆಡಿಟರ್ ಶನಿವಾರ ಬಾ ಅಂದಾರ.

---

ದಾವಣಗೆರೆ ಮಿಲ್ ಗುಮಾಸ್ತ

ಮೇಸ್ತ್ರಿ ಪ್ಯಾನ್ ಇದೆಯಂತೆ ಅಕ್ಕ, ಊರಲ್ಲಿ ಪೆಟ್ಟಿಗೇಲಿ. ಆಧಾರ್‌ಗೆ ಲಿಂಕ್ ಆಗಿಲ್ವಂತೆ. ಅದು ನಡೆಯುತ್ತಾ?

---

ಶಾರದಕ್ಕ ಮೈಸೂರು

ನಡೆಯಲ್ಲ. ಲಿಂಕ್ ಆಗದ ಪ್ಯಾನ್ ನಿಷ್ಕ್ರಿಯ ಆಗಿದ್ರೆ ಇಲ್ಲದ ಹಾಗೇ ಲೆಕ್ಕ, ಮತ್ತೆ 20 ಪರ್ಸೆಂಟೇ. ಇವತ್ತೇ ಅವನನ್ನ ಕೂರಿಸಿಕೊಂಡು ಲಿಂಕ್ ಮಾಡಿಸಿ.